ಸಂಧಿ–ಸಮಾಸ: ಹತ್ತನೇ ತರಗತಿ ಪ್ರಥಮ ಭಾಷೆ ಪರೀಕ್ಷೆಗೆ ಪುನರಾವರ್ತನೆ ಪಟ್ಟಿ

ಪದ ಕಂಡ ಕೂಡಲೇ ಹೆಸರು ಬರೆಯಬೇಡಿ. ಮೊದಲು ಬಿಡಿಸಿ. ಎರಡು ಪದ ಕೂಡುವ ಜಾಗದಲ್ಲಿ ಅಕ್ಷರ ಹೋಯಿತೇ, ಹೊಸದಾಗಿ ಬಂತೇ, ಬದಲಾಯಿತೇ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು.

ಕನ್ನಡ ಸಂಧಿಗಳು

ಲೋಪ: ಸ್ವರದ ಮುಂದೆ ಸ್ವರ ಬಂದಾಗ, ಅರ್ಥ ಕೆಡದಿದ್ದರೆ, ಪೂರ್ವಪದದ ಕೊನೆಯ ಸ್ವರ ಬಿಟ್ಟುಹೋಗುತ್ತದೆ. ಮಾತು + ಇಲ್ಲ = ಮಾತಿಲ್ಲ; ಬೇರೆ + ಒಬ್ಬ = ಬೇರೊಬ್ಬ.

ಆಗಮ: ಸ್ವರ ಲೋಪವಾದರೆ ಅರ್ಥ ಕೆಡುವಲ್ಲಿ ನಡುವೆ ಯ್ ಅಥವಾ ವ್ ಬರುತ್ತದೆ. ‘ಗುರನ್ನು’ ಎಂದರೆ ಅರ್ಥವಿಲ್ಲ, ಆದ್ದರಿಂದ ಗುರುವನ್ನು.
- ಆ, ಇ, ಈ, ಎ, ಏ, ಐ ಮುಂದೆ ಯ್: ಕೆರೆ + ಅನ್ನು = ಕೆರೆಯನ್ನು
- ಉ, ಊ, ಋ, ಓ, ಔ ಮುಂದೆ ವ್: ಪಿತೃ + ಅನ್ನು = ಪಿತೃವನ್ನು. ಅಕಾರದ ಮುಂದೆಯೂ ವ್ ಬರುತ್ತದೆ: ಹೊಲ + ಅನ್ನು = ಹೊಲವನ್ನು

ಆದೇಶ: ಉತ್ತರಪದದ ಮೊದಲ ವ್ಯಂಜನ ಬದಲಾಗುತ್ತದೆ.
- ಕ, ತ, ಪ → ಗ, ದ, ಬ: ಮಳೆಗಾಲ, ಬೆಟ್ಟದಾವರೆ, ಕಂಬನಿ (ಕಣ್ + ಪನಿ)
- ಪ, ಬ, ಮ → ವ: ಬೆಮರ್ವನಿ, ಕಡುವೆಳ್ಪು, ಮೆಲ್ವಾತು
- ಸ → ಚ, ಜ: ಇಂಚರ (ಇನ್ + ಸರ), ಮುಂಜೆರಗು

ಎಲ್ಲ ಕಡೆಯೂ ಆದೇಶ ಆಗಲೇಬೇಕೆಂದಿಲ್ಲ; ಮನೆಕೆಲಸ ಹಾಗೆಯೇ ಉಳಿಯುತ್ತದೆ. ‘ಅಯ್ಯೋ ಇದೇನು’, ‘ಆ ಊರು’ ಇವುಗಳಲ್ಲಿ ಸಂಧಿಯೇ ಇಲ್ಲ, ಅದು ಪ್ರಕೃತಿಭಾವ.

ಸಂಸ್ಕೃತ ಸಂಧಿಗಳು

| ಸಂಧಿ | ನಿಯಮ | ಉದಾಹರಣೆ |
|---|---|---|
| ಸವರ್ಣದೀರ್ಘ | ಒಂದೇ ಜಾತಿಯ ಸ್ವರಗಳು ಸೇರಿ ದೀರ್ಘ | ರವಿ + ಇಂದ್ರ = ರವೀಂದ್ರ |
| ಗುಣ | ಅ/ಆ ಮುಂದೆ ಇ/ಈ, ಉ/ಊ, ಋ → ಏ, ಓ, ಅರ್ | ಚಂದ್ರೋದಯ, ಮಹರ್ಷಿ |
| ವೃದ್ಧಿ | ಅ/ಆ ಮುಂದೆ ಏ/ಐ → ಐ. ಓ/ಔ → ಔ | ಏಕೈಕ, ವನೌಷಧಿ |
| ಯಣ್ | ಇ/ಈ, ಉ/ಊ, ಋ ಮುಂದೆ ಬೇರೆ ಸ್ವರ ಬಂದರೆ → ಯ್, ವ್, ರ್ | ಅತ್ಯಂತ, ಮನ್ವಂತರ, ಪಿತ್ರಾರ್ಜಿತ |
| ಜಶ್ತ್ವ | ಪದಾಂತ್ಯದ ಕ್ ಚ್ ಟ್ ತ್ ಪ್ → ಗ್ ಜ್ ಡ್ ದ್ ಬ್ | ವಾಗೀಶ, ಷಡಾನನ, ಅಬ್ಜ |
| ಶ್ಚುತ್ವ | ಸ್, ತವರ್ಗಗಳಿಗೆ ಶ್, ಚವರ್ಗ ಸೇರಿದರೆ → ಶ್, ಚವರ್ಗ | ಶರಚ್ಚಂದ್ರ, ಮನಶ್ಶಾಂತಿ |
| ಅನುನಾಸಿಕ | ವರ್ಗದ ಮೊದಲಕ್ಷರದ ಮುಂದೆ ಅನುನಾಸಿಕ ಬಂದರೆ → ಅದೇ ವರ್ಗದ ಅನುನಾಸಿಕ | ವಾಙ್ಮಯ, ಷಣ್ಮುಖ |

ಅಂಕ ಹೋಗುವುದು ಇಲ್ಲಿಯೇ

*ಯಣ್ ಸಂಧಿಯೋ ಯಕಾರಾಗಮವೋ?* ಎರಡರಲ್ಲೂ ‘ಯ’ ಕಾಣುತ್ತದೆ. ‘ಕೆರೆಯನ್ನು’ ಪದದಲ್ಲಿ ಕೆರೆ ಪೂರ್ತಿ ಉಳಿದಿದೆ, ಯ್ ಹೆಚ್ಚುವರಿಯಾಗಿ ಬಂದಿದೆ. ‘ಅತ್ಯಂತ’ದಲ್ಲಿ ‘ಅತಿ’ಯ ಇಕಾರ ಹೋಗಿ ಅದರ ಜಾಗಕ್ಕೆ ಯ್ ಬಂದು ತಕಾರದ ಒತ್ತಾಗಿದೆ.

*ಊರೂರು* (ಊರು + ಊರು) ಸವರ್ಣದೀರ್ಘವಲ್ಲ, ಲೋಪ. ಮೊದಲ ಪದದ ಉಕಾರ ಹೋಗಿದೆ. ಉಳಿದ ದೀರ್ಘ ಎರಡನೆಯ ಪದದ್ದೇ. ಕನ್ನಡ ಪದಕ್ಕೆ ಸಂಸ್ಕೃತ ಸಂಧಿಯ ಹೆಸರು ಹಚ್ಚುವುದು ಪ್ರತಿ ವರ್ಷದ ಕಾಯಿಲೆ.

*ಆದೇಶ ಮತ್ತು ಜಶ್ತ್ವ:* ಎರಡರಲ್ಲೂ ಕ → ಗ ಆಗುತ್ತದೆ. ಬದಲಾದದ್ದು ಎರಡನೆಯ ಪದದ ಮೊದಲ ಅಕ್ಷರವಾದರೆ ಆದೇಶ, ಮೊದಲನೆಯ ಪದದ ಕೊನೆಯ ಅಕ್ಷರವಾದರೆ ಜಶ್ತ್ವ.

*ಕಾಗುಣಿತ:* ಮಹಾರ್ಷಿ ತಪ್ಪು, ಮಹರ್ಷಿ ಸರಿ. ಜಗಜ್ಯೋತಿ ತಪ್ಪು, ಜಗಜ್ಜ್ಯೋತಿ ಸರಿ.

ಸಮಾಸಗಳು

ಇಲ್ಲಿ ವಿಗ್ರಹವಾಕ್ಯವೇ ಉತ್ತರ. ಅದು ಸರಿಯಾದರೆ ಹೆಸರು ತಾನಾಗಿ ಬರುತ್ತದೆ.

- ತತ್ಪುರುಷ: ಪೂರ್ವಪದಕ್ಕೆ ವಿಭಕ್ತಿ, ಉತ್ತರಪದ ಪ್ರಧಾನ. ಅರಸನ + ಮನೆ = ಅರಮನೆ; ಹಗಲಿನಲ್ಲಿ + ಕನಸು = ಹಗಲುಗನಸು
- ಕರ್ಮಧಾರಯ: ವಿಶೇಷಣ–ವಿಶೇಷ್ಯ. ಹಿರಿದು + ಮರ = ಹೆಮ್ಮರ; ಇನಿದು + ಸರ = ಇಂಚರ
- ದ್ವಿಗು: ಪೂರ್ವಪದ ಸಂಖ್ಯೆ. ಮೂರು + ಗಾವುದ = ಮೂಗಾವುದ
- ಅಂಶಿ: ಇಡಿಯ ವಸ್ತು ಮತ್ತು ಅದರ ಭಾಗ. ಕೈಯ + ಅಡಿ = ಅಂಗೈ; ತಲೆಯ + ಮುಂದು = ಮುಂದಲೆ
- ದ್ವಂದ್ವ: ಎಲ್ಲ ಪದಗಳೂ ಪ್ರಧಾನ. ಕೆರೆಯೂ + ಕಟ್ಟೆಯೂ = ಕೆರೆಕಟ್ಟೆಗಳು
- ಬಹುವ್ರೀಹಿ: ಬೇರೆ ಪದದ ಅರ್ಥ ಪ್ರಧಾನ. ಹಣೆಯಲ್ಲಿ ಕಣ್ಣು ಉಳ್ಳವನು ಯಾರೋ ಅವನು = ಹಣೆಗಣ್ಣ
- ಕ್ರಿಯಾ: ಉತ್ತರಪದ ಕ್ರಿಯೆ. ಕಣ್ಣನ್ನು + ತೆರೆ = ಕಣ್ದೆರೆ; ಮೈಯನ್ನು + ತಡವಿ = ಮೈದಡವಿ
- ಗಮಕ: ಪೂರ್ವಪದ ಸರ್ವನಾಮ ಅಥವಾ ಕೃದಂತ. ಅದು + ಮನೆ = ಆ ಮನೆ; ಮಾಡಿದುದು + ಅಡುಗೆ = ಮಾಡಿದಡುಗೆ

‘ಮುಕ್ಕಣ್ಣ’ ಕಂಡು ಸಂಖ್ಯೆ ಇದೆಯೆಂದು ದ್ವಿಗು ಬರೆಯುವವರೇ ಹೆಚ್ಚು. ಇಲ್ಲಿ ಲೆಕ್ಕ ಕಣ್ಣಿನದಲ್ಲ, ಮಾತು ಶಿವನದು, ಹಾಗಾಗಿ ಬಹುವ್ರೀಹಿ. ‘ಯಾರೋ ಅವನು’ ಬಿಟ್ಟರೆ ವಿಗ್ರಹ ಅಪೂರ್ಣ. ಮುಂಗೈ ತತ್ಪುರುಷವಲ್ಲ, ಅಂಶಿ: ಕೈಯ + ಮುಂದು.

ಒಂದೇ ಪದಕ್ಕೆ ಸಂಧಿಯನ್ನೂ ಸಮಾಸವನ್ನೂ ಕೇಳಬಹುದು. ಮಳೆಗಾಲಕ್ಕೆ ಸಂಧಿ ಕೇಳಿದರೆ ‘ಮಳೆ + ಕಾಲ, ಆದೇಶ’. ಸಮಾಸ ಕೇಳಿದರೆ ‘ಮಳೆಯ + ಕಾಲ, ತತ್ಪುರುಷ’. ಸಂಧಿ ಬಿಡಿಸುವಾಗ ವಿಭಕ್ತಿ ಹಾಕಬೇಡಿ, ಸಮಾಸಕ್ಕೆ ಬಿಡಬೇಡಿ.

ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸಿದರೆ ಅರಿಸಮಾಸ ದೋಷ: ‘ರಾಜಮನೆ’ ಆಗದು, ರಾಜಗೃಹ ಅಥವಾ ಅರಮನೆ. ಕ್ರಿಯಾ, ಗಮಕ ಸಮಾಸಗಳಿಗೆ, ಬಿರುದುಗಳಿಗೆ, ಪೂರ್ವಕವಿಗಳ ಪ್ರಯೋಗಗಳಿಗೆ ಈ ದೋಷ ಹತ್ತುವುದಿಲ್ಲ.