ಗುಂಡಿಗೆ ದಿಢೀರ್ ನೀರು ನುಗ್ಗಿದರೆ: ತುರ್ತು ಯೋಜನೆ

ಸೈಟ್: ಸರ್ಜಾಪುರ ರಸ್ತೆ ಬದಿಯ ಕಚೇರಿ ಕಟ್ಟಡ, ಬ್ಲಾಕ್ ಸಿ, ಮೂರು ನೆಲಮಾಳಿಗೆ
ಜಾರಿ: ಜೂನ್ 1, 2025ರಿಂದ ಗುಂಡಿ ಮುಚ್ಚುವವರೆಗೆ
ಬರೆದವರು: ಸೈಟ್ ಸುರಕ್ಷತಾ ಅಧಿಕಾರಿ

ಯಾಕೆ ಇಷ್ಟು ಅವಸರ

ನಮ್ಮ ಗುಂಡಿ 62 ಮೀಟರ್ ಉದ್ದ, 40 ಮೀಟರ್ ಅಗಲ, 13 ಮೀಟರ್ ಆಳ. ಪೂರ್ವದ ಅಂಚಿನಿಂದ 9 ಮೀಟರ್ ಆಚೆ ರಾಜಕಾಲುವೆ ಇದೆ. ದಕ್ಷಿಣದ ರಸ್ತೆಯ ಕೆಳಗೆ 600 ಮಿ.ಮೀ. ಕುಡಿಯುವ ನೀರಿನ ಪೈಪು ಹೋಗಿದೆ. ಲಿಫ್ಟ್ ಪಿಟ್ ಪೂರ್ವದ ಕಡೆ ಇದೆ, ಉಳಿದ ನೆಲಕ್ಕಿಂತ ಇನ್ನೂ 1.8 ಮೀಟರ್ ಕೆಳಗೆ.

ಮಳೆಯ ನೀರು ನೇರವಾಗಿ ಗುಂಡಿಗೆ ಬಿದ್ದರೆ ನಿಭಾಯಿಸಬಹುದು. ಗಂಟೆಗೆ 60 ಮಿ.ಮೀ. ಸುರಿದರೂ ಗುಂಡಿಗೆ ಬೀಳೋದು ಸುಮಾರು 150 ಘನ ಮೀಟರ್. ಸಂಪ್‌ನಲ್ಲಿರುವ ಪಂಪುಗಳು ಅದನ್ನು ಎತ್ತಿ ಹಾಕುತ್ತವೆ. ಪೈಪು ಒಡೆದರೆ ನಿಮಿಷಕ್ಕೆ ಒಂದೂವರೆ ಸೆಂಟಿಮೀಟರಿನಷ್ಟು ನೀರು ಏರುತ್ತದೆ. ರಾಜಕಾಲುವೆಯ ಗೋಡೆ ಒಡೆದರೆ ಲೆಕ್ಕ ಪೂರ್ತಿ ಬೇರೆ. ಸೆಕೆಂಡಿಗೆ 5 ಘನ ಮೀಟರ್ ಒಳಗೆ ಬಂತು ಅಂದುಕೊಳ್ಳಿ. ನಿಮಿಷಕ್ಕೆ 12 ಸೆಂಟಿಮೀಟರ್ ಏರುತ್ತದೆ. ನಾಲ್ಕು ನಿಮಿಷಕ್ಕೆ ಮೊಣಕಾಲು, ಎಂಟು ನಿಮಿಷಕ್ಕೆ ಸೊಂಟ. ಲಿಫ್ಟ್ ಪಿಟ್ ಅದಕ್ಕೂ ಮುಂಚೆ ತುಂಬಿ, ಕೆಸರು ನೀರಿನಡಿ ಕಾಣದಂತಾಗುತ್ತದೆ.

ಅದಕ್ಕೇ ನಮ್ಮ ಗುರಿ ನಾಲ್ಕು ನಿಮಿಷ. ಒಂದು ಪಾಳಿಯಲ್ಲಿ ಕೆಳಗೆ ಜಾಸ್ತಿ ಅಂದರೆ 46 ಜನ ಇರಬಹುದು. ಅಷ್ಟೂ ಜನ ನಾಲ್ಕು ನಿಮಿಷದೊಳಗೆ ಮೇಲೆ ಇರಬೇಕು. 47ನೇ ಟೋಕನ್ ಯಾರಿಗೂ ಕೊಡುವುದಿಲ್ಲ, ಎಂಥ ಅರ್ಜೆಂಟ್ ಕಾಂಕ್ರೀಟ್ ಇದ್ದರೂ.

ಇನ್ನೊಂದು ಮಾತು. 2022ರ ಸೆಪ್ಟೆಂಬರ್ ಮಳೆಗೆ ಈ ಕಡೆಯ ರಸ್ತೆಗಳು ಮುಳುಗಿ, ಜನರನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಸಾಗಿಸಬೇಕಾಯಿತು. ಗುಂಡಿಗೆ ನೀರು ನುಗ್ಗುವಂಥ ದಿನ ಅಗ್ನಿಶಾಮಕ ಗಾಡಿಯೂ ರಸ್ತೆಯ ನೀರಲ್ಲಿ ಸಿಕ್ಕಿಕೊಂಡಿರಬಹುದು. ಮೊದಲ ಅರ್ಧ ಗಂಟೆ ನಮಗೆ ನಾವೇ ಅಂತ ತಿಳಿದು ತಯಾರಾಗಿದ್ದೇವೆ.

ಯಾರು ಏನು ಮಾಡಬೇಕು

ಘಟನೆಯ ಹೊಣೆ ಹಗಲಲ್ಲಿ ಸೈಟ್ ಇನ್‌ಚಾರ್ಜ್ ಅವರದು, ರಾತ್ರಿ ಪಾಳಿಯಲ್ಲಿ ಶಿಫ್ಟ್ ಇಂಜಿನಿಯರ್ ಅವರದು. ಅವರು ಗುಂಡಿಗೆ ಇಳಿಯಬಾರದು. ಗೇಟ್ 2ರ ಹತ್ತಿರ, ಟೋಕನ್ ಬೋರ್ಡ್ ಕಾಣುವ ಜಾಗದಲ್ಲೇ ನಿಂತು ವಾಕಿಟಾಕಿಯ ಚಾನೆಲ್ 3ರಲ್ಲಿ ಮಾತಾಡಬೇಕು. ಆಗ ಚಾನೆಲ್ 3ರಲ್ಲಿ ಬೇರೆ ಯಾವ ಮಾತೂ ಬೇಡ.

ಕಾಲುವೆ ಕಾವಲುಗಾರ ಇಲ್ಲಿ ಎಲ್ಲರಿಗಿಂತ ಮುಖ್ಯ. ಮಳೆ ಇರುವಾಗ, ಮಳೆ ನಿಂತ ಮೇಲೆ ಎರಡು ಗಂಟೆ, ಅವರು ರಾಜಕಾಲುವೆಯ ಅಳತೆ ಪಟ್ಟಿಯ ಮುಂದೆಯೇ ಇರಬೇಕು. ಇಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನ ಬಡಾವಣೆಗಳಲ್ಲಿ ಸುರಿದ ನೀರು ಆಮೇಲೆ ಇಲ್ಲಿಗೆ ಬರುತ್ತದೆ ಅಲ್ವಾ, ಅದಕ್ಕೆ. ಅವರನ್ನು ಸಿಮೆಂಟ್ ಇಳಿಸೋಕೆ, ಟೀ ತರೋಕೆ ಯಾರೂ ಕಳಿಸಬಾರದು. ಬದಲಿ ಬರುವವರೆಗೆ ಜಾಗ ಬಿಡಬಾರದು. ಹೂಟರ್ ಗುಂಡಿ ಒತ್ತಲು ಅವರು ಯಾರನ್ನೂ ಕೇಳಬೇಕಿಲ್ಲ.

ಎರಡು ಮೆಟ್ಟಿಲುಗಳಿಗೆ ಇಬ್ಬರು ಮೇಸ್ತ್ರಿಗಳು. ವಾಯವ್ಯದ ಮೆಟ್ಟಿಲಿಗೆ ಬಾರ್ ಬೆಂಡಿಂಗ್ ಮೇಸ್ತ್ರಿ, ಪಶ್ಚಿಮದ ಮೆಟ್ಟಿಲಿಗೆ ಶಟರಿಂಗ್ ಮೇಸ್ತ್ರಿ. ತಮ್ಮ ಭಾಗ ಖಾಲಿ ಆಗಿದೆಯಾ ಅಂತ ಕಣ್ಣಾರೆ ನೋಡಿ, ಕೊನೆಗೆ ತಾವು ಹತ್ತಬೇಕು. ನೋಡಲೇಬೇಕಾದ ಜಾಗಗಳು: ಲಿಫ್ಟ್ ಪಿಟ್, ಫೂಟಿಂಗ್ ಗುಂಡಿಗಳು, ತಾತ್ಕಾಲಿಕ ಶೌಚಾಲಯ, ಪ್ಲೈ ಹಲಗೆ ಜೋಡಿಸಿಟ್ಟ ರಾಶಿಯ ಹಿಂಭಾಗ. ಊಟ ಆದ ಮೇಲೆ ಆ ರಾಶಿಯ ನೆರಳಿನಲ್ಲಿ ಒಬ್ಬಿಬ್ಬರು ತಲೆಗೆ ಟವೆಲ್ ಹೊದ್ದು ಮಲಗಿರುತ್ತಾರೆ. ಕಟಿಂಗ್ ಮೆಷಿನ್ ಸದ್ದಿನಲ್ಲೇ ಮಲಗಿ ರೂಢಿಯಾದವರು, ಹೂಟರಿಗೂ ಏಳದಿರಬಹುದು. ಕೂಗಿ ಬಿಡಬೇಡಿ, ಭುಜ ಹಿಡಿದು ಎಬ್ಬಿಸಿ. ಮೊಣಕಾಲಿನವರೆಗೆ ನೀರು ಬಂದರೆ ಹುಡುಕಾಟ ಅಲ್ಲಿಗೇ ನಿಲ್ಲಬೇಕು, ಮೇಸ್ತ್ರಿಯೂ ಹತ್ತಬೇಕು.

ಎಲೆಕ್ಟ್ರಿಷಿಯನ್ ಕೆಂಪು ಎಚ್ಚರಿಕೆ ಕೇಳಿದ ಕೂಡಲೇ ಮೇಲಿನ ಪ್ಯಾನೆಲ್‌ನಲ್ಲಿ ಗುಂಡಿಯ ಮೇನ್ ಆಫ್ ಮಾಡಬೇಕು, ಬೀಗ ಹಾಕಿ ಕೀಲಿ ಜೇಬಿಗೆ ಹಾಕಿಕೊಳ್ಳಬೇಕು. ಪಂಪುಗಳೂ ನಿಲ್ಲುತ್ತವೆ. ನಿಲ್ಲಲಿ. ನೀರಲ್ಲಿ ನಡೆಯುವ ಜನರ ಪಕ್ಕ ಕರೆಂಟ್ ಇರಬಾರದು. ಮೇಲೆ ಡೀಸೆಲ್ ಪಂಪು ಇಟ್ಟು ಎಳೆಯೋಣ ಅಂತ ಕೆಲವರು ಹೇಳುತ್ತಾರೆ. ಮೇಲಿಂದ ಎಳೆಯುವ ಪಂಪು ಏಳು ಮೀಟರಿಗಿಂತ ಆಳದ ನೀರನ್ನು ಎತ್ತೋದು ಕಷ್ಟ, ನಮ್ಮದು 13 ಮೀಟರ್. ಅದೇ ಪಂಪನ್ನು ಗುಂಡಿಯೊಳಗೆ ಇಳಿಸಿ ಓಡಿಸಿದರೆ ಅದರ ಹೊಗೆಯೇ ಜೀವ ತೆಗೆಯುತ್ತದೆ. ಮೆಟ್ಟಿಲ ದೀಪಗಳು ಬ್ಯಾಟರಿಯವು, ಅವು ಉರಿಯುತ್ತಲೇ ಇರುತ್ತವೆ.

ಹಿಟಾಚಿ ಚಾಲಕರು ಬಕೆಟ್ ನೆಲಕ್ಕಿಟ್ಟು, ಕೀಲಿ ಅಲ್ಲೇ ಬಿಟ್ಟು ಇಳಿದು ನಡೆಯಬೇಕು. ಗಾಡಿ ಹತ್ತಿಸಲು ಹೋಗಬೇಡಿ. ಕ್ರೇನ್ ಆಪರೇಟರ್ ಮೆಟ್ಟಿಲುಗಳ ಮೇಲೆ ಲೋಡ್ ತರಬಾರದು, ಕಾಂಕ್ರೀಟ್ ಬಕೆಟ್‌ನಲ್ಲಿ ಜನರನ್ನು ಎತ್ತಬಾರದು.

ಗೇಟ್ 2ರ ಗಾರ್ಡ್ ಟೋಕನ್ ಬೋರ್ಡ್ ನೋಡಿಕೊಳ್ಳಬೇಕು. ಪ್ರಥಮ ಚಿಕಿತ್ಸಕರು ಸ್ಟ್ರೆಚರ್ ಜೊತೆ ಅಲ್ಲೇ ನಿಲ್ಲಬೇಕು.

ಎಚ್ಚರಿಕೆಗಳು

ಹಳದಿ: ಹೂಟರ್ ಬಿಟ್ಟು ಬಿಟ್ಟು ಮೂರು ಸಲ, ಹಳದಿ ದೀಪ. ಸೈಟಿನ ಮಳೆಮಾಪಕದಲ್ಲಿ 15 ನಿಮಿಷಕ್ಕೆ 10 ಮಿ.ಮೀ. ದಾಟಿದರೆ, ಕಾಲುವೆಯ ನೀರು ಗೋಡೆಯ ತಲೆಯಿಂದ 1.2 ಮೀಟರ್ ಕೆಳಗಿನ ಹಳದಿ ಗೆರೆ ಮುಟ್ಟಿದರೆ, ಅಥವಾ ಮೇಘಸಂದೇಶ ಆ್ಯಪ್‌ನಲ್ಲಿ ನಮ್ಮ ಕಡೆಗೆ ಜೋರು ಮಳೆಯ ಮುನ್ಸೂಚನೆ ಬಂದರೆ. ಆಗ ಲಿಫ್ಟ್ ಪಿಟ್ ಮತ್ತು ಪೂರ್ವ ಗೋಡೆಯ ಬುಡ ಖಾಲಿ ಮಾಡಬೇಕು. ಹೊಸದಾಗಿ ಯಾರೂ ಕೆಳಗೆ ಇಳಿಯಬಾರದು. ಗ್ಯಾಸ್ ಸಿಲಿಂಡರ್, ವೆಲ್ಡಿಂಗ್ ಸೆಟ್ ಮೇಲೆ ಕಳಿಸುವುದಿದ್ದರೆ ಈಗಲೇ.

ಕೆಂಪು: ನಿಲ್ಲದೆ ಕೂಗುವ ಹೂಟರ್, ಕೆಂಪು ದೀಪ. ಈ ಕೆಳಗಿನ ಯಾವುದಾದರೂ ಒಂದು ಕಂಡರೆ ಸಾಕು:

- ಕಾಲುವೆಯ ನೀರು ಗೋಡೆಯ ತಲೆಯಿಂದ 60 ಸೆಂ.ಮೀ. ಕೆಳಗಿನ ಕೆಂಪು ಗೆರೆ ಮುಟ್ಟಿದೆ, ಅಥವಾ ಐದು ನಿಮಿಷದಲ್ಲಿ 15 ಸೆಂ.ಮೀ. ಏರಿದೆ.
- ಮಳೆ ಸುರಿಯುತ್ತಿದ್ದರೂ ಕಾಲುವೆಯ ಮಟ್ಟ ದಿಢೀರ್ ಇಳಿದಿದೆ. ನೀರು ಬೇರೆ ದಾರಿ ಹಿಡಿದಿದೆ ಅಂತ ಅರ್ಥ.
- ಶೋರಿಂಗ್ ಗೋಡೆಯಿಂದ ಕೆಸರು ನೀರು ಬರುತ್ತಿದೆ. ತಿಳಿ ನೀರು ಜಿನುಗಿದರೆ ಇಂಜಿನಿಯರಿಗೆ ಹೇಳಿ. ಕೆಂಪು ನೀರು ಬಂದರೆ ಗೋಡೆಯ ಹಿಂದಿನ ಮಣ್ಣೇ ಕೊಚ್ಚಿ ಬರುತ್ತಿದೆ, ಹೂಟರ್ ಒತ್ತಿ.
- ಗುಂಡಿಯ ನೆಲದಲ್ಲಿ ನೀರು ಬುಗುಬುಗು ಏಳುತ್ತಿದೆ.
- ದಕ್ಷಿಣದ ರಸ್ತೆ ಕುಸಿದಿದೆ, ಅಥವಾ ಮಳೆ ಇಲ್ಲದೆ ಅಲ್ಲಿ ನೀರು ಉಕ್ಕುತ್ತಿದೆ.
- ಎರಡೂ ಪಂಪು ಓಡುತ್ತಿದ್ದರೂ ಸಂಪ್‌ನ ನೀರು ಏರುತ್ತಲೇ ಇದೆ.

ಹೂಟರ್ ಗುಂಡಿಗಳು ಐದು ಕಡೆ ಇವೆ: ಎರಡು ಮೆಟ್ಟಿಲುಗಳ ಬುಡ, ಲಿಫ್ಟ್ ಪಿಟ್ ಪಕ್ಕ, ಕಾಲುವೆ ಕಾವಲು, ಗೇಟ್ 2. ಹೆಲ್ಪರ್ ಇರಲಿ, ಇಂಜಿನಿಯರ್ ಇರಲಿ, ಕಂಡವರು ಒತ್ತಬಹುದು. ಸುಮ್ನೆ ಒತ್ತಿದಂತಾದರೂ ಕೂಲಿ ಕಡಿತ, ಬೈಗುಳ ಇಲ್ಲ. ಇದಕ್ಕೆ ಸೈಟ್ ಇನ್‌ಚಾರ್ಜ್ ಸಹಿ ಹಾಕಿದ್ದಾರೆ. ಹೂಟರ್ ಬ್ಯಾಟರಿಯಲ್ಲಿ ನಡೆಯುತ್ತದೆ. ಅದೂ ಕೈಕೊಟ್ಟರೆ ಗೇಟ್ 2ರಲ್ಲಿ ಕೈಯಿಂದ ತಿರುಗಿಸುವ ಸೈರನ್ ಇದೆ.

ಹೂಟರ್ ಜೊತೆ ಮೈಕಿನಲ್ಲಿ ಇಷ್ಟೇ ಹೇಳಬೇಕು, ಮೂರು ಭಾಷೆಯಲ್ಲೂ, ಮತ್ತೆ ಮತ್ತೆ:

"ನೀರು ಬರ್ತಿದೆ! ಎಲ್ಲಾ ಬಿಟ್ಟು ಮೆಟ್ಟಿಲು ಹತ್ತಿ!"
"ಪಾನೀ ಆ ರಹಾ ಹೈ! ಸಬ್ ಛೋಡ್‌ಕೇ ಊಪರ್ ಆವೋ!"
"ಜೊಲ್ ಆಶ್ಛೇ! ಶೊಬ್ ಫೇಲೇ ಓಪೊರೇ ಓಠೋ!"

ಮೇಲೆ ಬರುವ ದಾರಿ

1. ಕೈಯಲ್ಲಿರುವುದನ್ನು ಅಲ್ಲೇ ಇಡಿ. ಡ್ರಿಲ್, ಮೊಬೈಲ್, ಊಟದ ಡಬ್ಬಿ ಯಾವುದಕ್ಕೂ ವಾಪಸ್ ಹೋಗಬೇಡಿ. ಕಳೆದುಹೋದ ಸಾಮಾನಿನ ದುಡ್ಡು ಕಂಪನಿ ಕೊಡುತ್ತದೆ.
2. ಪೂರ್ವದ ಗೋಡೆಗೆ ಬೆನ್ನು ಮಾಡಿ, ಹತ್ತಿರದ ಮೆಟ್ಟಿಲ ಕಡೆ ನಡೆಯಿರಿ. ನೀರಿದ್ದರೆ ಹಳದಿ ಬಣ್ಣ ಹಚ್ಚಿದ ಕಂಬಗಳ ನಡುವೆಯೇ ನಡೆಯಿರಿ, ಆ ದಾರಿಯಲ್ಲಿ ಗುಂಡಿಗಳಿಲ್ಲ.
3. ಮೆಟ್ಟಿಲಲ್ಲಿ ಒಂದೇ ಸಾಲು, ಕೈ ಕಂಬಿಯ ಮೇಲೆ. ತಳ್ಳಬೇಡಿ, ನಿಲ್ಲಬೇಡಿ.
4. ರ್‍ಯಾಂಪ್ ಹತ್ತಬೇಡಿ. ಅದರ ಬಾಯಿ ದಕ್ಷಿಣದ ರಸ್ತೆಗಿದೆ. ರಸ್ತೆಯ ನೀರು ಇಳಿಯುವುದು ಅದೇ ದಾರಿಯಲ್ಲಿ.
5. ಮೇಲೆ ಬಂದ ಮೇಲೆ ಅಂಚಿನಲ್ಲಿ ನಿಂತು ನೋಡಬೇಡಿ, ವಿಡಿಯೋ ಮಾಡಬೇಡಿ. ನೆನೆದ ಅಂಚು ನಿಮ್ಮನ್ನೂ ಹೊತ್ತು ಕುಸಿಯಬಹುದು. ಸೀದಾ ಗೇಟ್ 2ರ ಅಂಗಳಕ್ಕೆ ಬನ್ನಿ, ಅದು ಅಂಚಿನಿಂದ 30 ಮೀಟರ್ ದೂರ ಇದೆ.
6. ನಿಮ್ಮ ಟೋಕನ್ ಅನ್ನು ನೀವೇ ಬೋರ್ಡಿಗೆ ಹಾಕಿ. ಗೆಳೆಯನದ್ದನ್ನು ನೀವು ಹಾಕಬೇಡಿ.

ದಾರಿ ಮುಚ್ಚಿ ಸಿಕ್ಕಿಕೊಂಡವರು ಹರಿಯುವ ನೀರಿಗೆ ಇಳಿಯಬೇಡಿ. ಹಿಟಾಚಿ ಕ್ಯಾಬಿನ್ ಮೇಲೋ, ಗೋಡೆಯಿಂದ ದೂರದ ಸ್ಕ್ಯಾಫೋಲ್ಡಿಂಗ್ ಮೇಲೋ ಹತ್ತಿ, ಹೆಲ್ಮೆಟ್ ಬೀಸಿ.

ಟೋಕನ್ ಕಮ್ಮಿ ಬಂದರೆ

ಗಾರ್ಡ್ ನಂಬರ್ ಕೂಗಬೇಕು, ಮೇಸ್ತ್ರಿ ಹೆಸರು ಮತ್ತು ಕೊನೆಗೆ ಕಂಡ ಜಾಗ ಹೇಳಬೇಕು. ಆಗ ಎಲ್ಲರಿಗೂ ಓಡಿ ಇಳಿಯಬೇಕು ಅನ್ನಿಸುತ್ತದೆ. ತಮ್ಮನೋ, ಊರಿನವನೋ ಕೆಳಗಿದ್ದರೆ ಯಾರ ಮನಸ್ಸು ತಡೆಯುತ್ತದೆ? ಆದರೂ ತಡೆಯಲೇಬೇಕು, ಇಬ್ಬರು ಗಾರ್ಡ್‌ಗಳು ಮೆಟ್ಟಿಲ ತಲೆಯಲ್ಲಿ ಅದಕ್ಕೇ ನಿಲ್ಲುತ್ತಾರೆ. ಒಬ್ಬರನ್ನು ಹುಡುಕಲು ಹೋಗಿ ಮೂವರನ್ನು ಕಳೆದುಕೊಳ್ಳುವುದು ಇಂಥ ಹೊತ್ತಿನಲ್ಲೇ.

ಎರಡೂ ಮೆಟ್ಟಿಲ ತಲೆಯಲ್ಲಿ ತೇಲುವ ಬಳೆ, 20 ಮೀಟರ್ ಹಗ್ಗ, ಲೈಫ್ ಜಾಕೆಟ್ ಇವೆ. ಮೊದಲು ಮೇಲಿಂದ ಹಗ್ಗ ಎಸೆಯಿರಿ. ತರಬೇತಿ ಪಡೆದ ನಾಲ್ವರ ತಂಡ ಮಾತ್ರ, ಕರೆಂಟ್ ಬೀಗ ಖಾತ್ರಿ ಆದ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೆಟ್ಟಿಲಿಗೆ ಇಳಿಯಬಹುದು. ನೀರು ಮೊಣಕಾಲು ದಾಟಿ ಹರಿಯುತ್ತಿದ್ದರೆ ಅವರೂ ನೀರಿಗೆ ಇಳಿಯಬಾರದು, ಅಗ್ನಿಶಾಮಕ ದಳಕ್ಕೆ ಬಿಡಬೇಕು.

ಫೋನ್

ಕೆಂಪು ಎಚ್ಚರಿಕೆ ಆದ ತಕ್ಷಣ, ಎಣಿಕೆ ಮುಗಿಯಲಿ ಅಂತ ಕಾಯದೆ, ಸುರಕ್ಷತಾ ಅಧಿಕಾರಿ 112ಕ್ಕೆ ಕರೆ ಮಾಡಬೇಕು. ಅವರಿಲ್ಲದಿದ್ದರೆ ಟೈಮ್‌ಕೀಪರ್. ಹೇಳಬೇಕಾದ ಮಾತು:

"ಸರ್ಜಾಪುರ ರಸ್ತೆ, ಬ್ಲಾಕ್ ಸಿ ಕಟ್ಟಡದ ಸೈಟ್. 13 ಮೀಟರ್ ಆಳದ ಗುಂಡಿಗೆ ನೀರು ನುಗ್ಗಿದೆ. ಜನರನ್ನು ಮೇಲೆ ತರುತ್ತಿದ್ದೇವೆ. ನೀರಿನಿಂದ ರಕ್ಷಿಸುವ ತಂಡ, ಆಂಬುಲೆನ್ಸ್ ಬೇಕು. ಉತ್ತರದ ಗೇಟ್ 2ಕ್ಕೆ ಬನ್ನಿ, ದಕ್ಷಿಣದ ರಸ್ತೆಯಿಂದ ಬರಬೇಡಿ. ಗೇಟಿನಲ್ಲಿ ಕೆಂಪು ಬಾವುಟ ಹಿಡಿದವರು ಇರುತ್ತಾರೆ."

ಕಾಣೆಯಾದವರ ಸಂಖ್ಯೆ ಗೊತ್ತಾದ ಕೂಡಲೇ ಮತ್ತೆ ಕರೆ. ಗಾಯಾಳುಗಳಿಗೆ 108. ಪೈಪು ಒಡೆದಿದ್ದರೆ ವಾಲ್ವ್ ಮುಚ್ಚಿಸಲು ಜಲಮಂಡಳಿಯ 1916. ಕಂಬ, ಕೇಬಲ್ ಅಪಾಯದಲ್ಲಿದ್ದರೆ ಬೆಸ್ಕಾಂ 1912. ಪೂರ್ವ ಮತ್ತು ದಕ್ಷಿಣದ ನೆರೆಮನೆಗಳಿಗೆ ಇಬ್ಬರು ಹೋಗಿ, ಕಾಂಪೌಂಡ್ ಬದಿಯ ಕೋಣೆಗಳನ್ನು ಖಾಲಿ ಮಾಡಿಸಬೇಕು.

ನೀರು ನಿಂತ ಮೇಲೆ

ಹೂಟರ್ ನಿಂತಿತು ಅಂತ ಯಾರೂ ಇಳಿಯಬಾರದು. ತುಂಬಿದ ನೀರು ಗೋಡೆಯನ್ನು ಒಳಗಿನಿಂದ ಒತ್ತಿ ಹಿಡಿದಿರುತ್ತದೆ. ಅವಸರದಲ್ಲಿ ಎಲ್ಲವನ್ನೂ ಎತ್ತಿಬಿಟ್ಟರೆ ಹಿಂದಿನ ನೆನೆದ ಮಣ್ಣು ಗೋಡೆಯನ್ನೇ ತಳ್ಳಬಹುದು. ಎಷ್ಟು ವೇಗದಲ್ಲಿ ನೀರು ತೆಗೆಯಬೇಕು ಅಂತ ಜಿಯೋಟೆಕ್ನಿಕಲ್ ಇಂಜಿನಿಯರ್ ಬರೆದು ಕೊಡಬೇಕು. ಅಲ್ಲಿಯವರೆಗೆ ಪಂಪು ಹಚ್ಚಬಾರದು. ತೆಗೆಯುವಾಗ ಗಂಟೆಗೊಮ್ಮೆ ಗೋಡೆಯ ಅಳತೆ ಬಿಂದುಗಳನ್ನೂ ನೆರೆಮನೆಗಳ ಬಿರುಕುಗಳನ್ನೂ ನೋಡಬೇಕು.

ಕಾಲುವೆಯ ಒಡಕು ಮುಚ್ಚಿ, ಶೋರಿಂಗ್ ಮತ್ತು ಆ್ಯಂಕರ್ ಪರೀಕ್ಷಿಸಿ, ನೆನೆದ ವೈರಿಂಗ್ ಪೂರ್ತಿ ಬದಲಾಯಿಸಿ, ಮೆಟ್ಟಿಲುಗಳ ಬುಡ ನೋಡಿದ ಮೇಲೆ, ಸೈಟ್ ಇನ್‌ಚಾರ್ಜ್, ಜಿಯೋಟೆಕ್ನಿಕಲ್ ಇಂಜಿನಿಯರ್, ಸುರಕ್ಷತಾ ಅಧಿಕಾರಿ ಮೂವರೂ ಸಹಿ ಹಾಕಿದರೆ ಮಾತ್ರ ಕೆಲಸ ಶುರು. ಕೆಲಸ ನಿಂತ ದಿನಗಳ ಕೂಲಿ ಎಲ್ಲರಿಗೂ ಸಿಗುತ್ತದೆ.

ಅಭ್ಯಾಸ

ತಿಂಗಳಿಗೊಮ್ಮೆ ಹೂಟರ್ ಒತ್ತಿ ಗುಂಡಿ ಖಾಲಿ ಮಾಡಿಸಬೇಕು. ಮೂರರಲ್ಲಿ ಒಂದು ಅಭ್ಯಾಸ ರಾತ್ರಿ ಪಾಳಿಯಲ್ಲಿ, ಮೇನ್ ಆಫ್ ಮಾಡಿ. ನಾಲ್ಕು ನಿಮಿಷ ದಾಟಿದರೆ ಅದೇ ವಾರ ಮತ್ತೊಮ್ಮೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಎರಡೂ ಮೆಟ್ಟಿಲು ಹತ್ತಿಸಿ ತೋರಿಸಿದ ಮೇಲೆ ಟೋಕನ್ ಕೊಡಬೇಕು. ಈ ಯೋಜನೆಯ ಪ್ರತಿ ಗೇಟ್ 2, ಲೇಬರ್ ಶೆಡ್, ಕ್ಯಾಂಟೀನ್, ಎರಡೂ ಮೆಟ್ಟಿಲ ತಲೆಯಲ್ಲಿ ಇರುತ್ತದೆ. ಓದಲು ಬಾರದವರಿಗೆ ಮೇಸ್ತ್ರಿಗಳು ಪ್ರತಿ ಸೋಮವಾರ ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಅವರವರ ಭಾಷೆಯಲ್ಲಿ ಓದಿ ಹೇಳಬೇಕು.