ತಡವಾಗ್ತಿದ್ರೆ ಒಂದು ಮೆಸೇಜ್ ಹಾಕಿ, ಸಾಕು

ನಮಸ್ಕಾರ,

ಜಯನಗರ 4ನೇ ಬ್ಲಾಕಿನ ನಮ್ಮ ಸಲೂನಿಗೆ ಬರುವ ಎಲ್ಲರಿಗೂ ಒಂದು ವಿನಂತಿ. ಬೆಂಗಳೂರಿನ ಟ್ರಾಫಿಕ್ ನಿಮಗೂ ಗೊತ್ತು, ನಮಗೂ ಗೊತ್ತು. ಸಂಜೆ ಮಳೆ ಹಿಡಿದರಂತೂ ಕೇಳುವುದೇ ಬೇಡ. ಆದರೆ ಶನಿವಾರ, ಭಾನುವಾರ ಇಲ್ಲಿ ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ. 11 ಗಂಟೆಯವರು ತಡವಾದರೆ, 12ಕ್ಕೆ ಸರಿಯಾಗಿ ಬಂದವರು ಸುಮ್ಮನೆ ಕಾಯಬೇಕಾಗುತ್ತದೆ. ಹಾಗಾಗಿ ಈ ಬುಧವಾರದಿಂದ ಹೀಗೆ ನಡೆದುಕೊಳ್ಳುತ್ತೇವೆ.

10 ನಿಮಿಷ ತಡವಾದರೆ ಲೆಕ್ಕಕ್ಕೇ ಇಲ್ಲ, ಆರಾಮಾಗಿ ಬನ್ನಿ.

10ರಿಂದ 20 ನಿಮಿಷವಾದರೆ, ಉಳಿದ ಹೊತ್ತಿನಲ್ಲಿ ಚೆನ್ನಾಗಿ ಆಗುವಷ್ಟು ಮಾಡುತ್ತೇವೆ. ಕಟಿಂಗ್ ಜೊತೆ ಹೆಡ್ ಮಸಾಜ್ ಬುಕ್ ಆಗಿದ್ದರೆ ಮಸಾಜ್ ಬಿಟ್ಟು ಕಟಿಂಗ್ ಮಾಡುತ್ತೇವೆ, ಮಸಾಜಿನ ದುಡ್ಡು ತೆಗೆದುಕೊಳ್ಳುವುದಿಲ್ಲ. ಕತ್ತರಿ ಕೆಲಸವನ್ನು ಮಾತ್ರ ಅವಸರದಲ್ಲಿ ಮುಗಿಸುವುದಿಲ್ಲ.

20 ನಿಮಿಷ ಮೀರಿದರೆ ಅದೇ ದಿನ ಬೇರೆ ಹೊತ್ತು, ಕೈ ಖಾಲಿ ಇರುವ ಬೇರೆ ಸ್ಟೈಲಿಸ್ಟ್, ಇಲ್ಲವೇ ಇನ್ನೊಂದು ದಿನ. ಯಾವುದು ಅನುಕೂಲವೋ ನೀವೇ ಹೇಳಿ. ಫೈನ್ ಇಲ್ಲ. ಕೊಟ್ಟ ಅಡ್ವಾನ್ಸ್ ಹಾಗೇ ಇರುತ್ತದೆ.

ಹೇರ್ ಕಲರ್ ವಿಷಯ ಸ್ವಲ್ಪ ಬೇರೆ. ಬಣ್ಣ ಹಚ್ಚಿದ ಮೇಲೆ ಸಾಮಾನ್ಯವಾಗಿ 30ರಿಂದ 45 ನಿಮಿಷ ಬಿಡಲೇಬೇಕು. ಬೇಗ ತೊಳೆದರೆ ಬಿಳಿ ಕೂದಲು ಬಣ್ಣ ಹಿಡಿಯುವುದಿಲ್ಲ, ಬೈತಲೆ ಹತ್ತಿರ ಎದ್ದು ಕಾಣುತ್ತದೆ. ಅದಕ್ಕೇ ಕಲರಿಗೆ 10 ನಿಮಿಷ ಮೀರಿದರೆ ಬುಡಕ್ಕಷ್ಟೇ ಟಚ್-ಅಪ್ ಮಾಡಿಕೊಡುತ್ತೇವೆ, ಅಥವಾ ಬೇರೆ ದಿನ ಕೊಡುತ್ತೇವೆ.

ಚಿಕ್ಕ ಮಕ್ಕಳನ್ನೋ ವಯಸ್ಸಾದವರನ್ನೋ ಕರೆತರುವವರು ಬುಕ್ ಮಾಡುವಾಗಲೇ ತಿಳಿಸಿ. 15 ನಿಮಿಷ ಹೆಚ್ಚಿಗೆ ಇಟ್ಟಿರುತ್ತೇವೆ.

ನಾವೇ ತಡ ಮಾಡಿದರೆ? ನೀವು ಮನೆ ಬಿಡುವ ಮೊದಲೇ ತಿಳಿಸಲು ನೋಡುತ್ತೇವೆ. ಬಂದ ಮೇಲೆ 20 ನಿಮಿಷಕ್ಕಿಂತ ಹೆಚ್ಚು ಕಾಯಿಸಿದರೆ ಹೆಡ್ ಮಸಾಜ್ ನಮ್ಮ ಲೆಕ್ಕದಲ್ಲಿ.

ಹೇಳಿದ ಹೊತ್ತಿಗೆ ನೀವು ಕಾಣದಿದ್ದರೆ 10 ನಿಮಿಷ ಬಿಟ್ಟು ಕೌಂಟರಿನಿಂದ ಈ ವಾಟ್ಸಾಪ್ ಬರುತ್ತದೆ:

“ನಮಸ್ಕಾರ ಮೇಡಂ, ದಾರಿಯಲ್ಲಿದ್ದೀರಾ? ನಿಧಾನವಾಗಿ ಬನ್ನಿ. 11:20ರ ಒಳಗೆ ಬಂದರೆ ಕಟಿಂಗ್ ಆಗುತ್ತೆ. ಆಗದಿದ್ದರೆ ಇವತ್ತೇ 3:30ಕ್ಕೆ ಜಾಗ ಇದೆ, ಇಟ್ಟಿರಲಾ?”

“ಇಡಿ” ಅಂತ ಉತ್ತರಿಸಿದರೆ ಸಾಕು. ಯಾಕೆ ತಡವಾಯಿತು ಅಂತ ನಮ್ಮ ಹುಡುಗಿಯರು ಕೇಳುವುದಿಲ್ಲ.

ವರಮಹಾಲಕ್ಷ್ಮಿ, ದೀಪಾವಳಿ ವಾರಗಳಲ್ಲಿ ಮಾತ್ರ ಅದೇ ದಿನ ಇನ್ನೊಂದು ಜಾಗ ಸಿಗುವುದು ಕಷ್ಟ. ಆಗ ಬೆಳಗಿನ ಮೊದಲ ಸ್ಲಾಟ್ ಹಿಡಿಯಿರಿ. ಎಲೆಕ್ಟ್ರಾನಿಕ್ ಸಿಟಿ, ಸಿಲ್ಕ್ ಬೋರ್ಡ್ ಕಡೆಯವರಿಗೆ ಹಳದಿ ಮೆಟ್ರೋ ಇದೆ: ಆರ್.ವಿ. ರೋಡಿನಲ್ಲಿ ಹಸಿರು ಲೈನಿಗೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಜಯನಗರ.