ಬಾರದ ಕ್ಯಾಬಿಗೆ ಕಡಿತವಾದ 75 ರೂಪಾಯಿ ವಾಪಸ್ ಕೊಡುವ ಬಗ್ಗೆ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಮಾರ್ಚ್ 12, 2025, ಬುಧವಾರ ಬೆಳಿಗ್ಗೆ 6:12ಕ್ಕೆ ಮನೆಯಿಂದ ರೈಲ್ವೆ ಸ್ಟೇಷನ್ನಿಗೆ ಕ್ಯಾಬ್ ಬುಕ್ ಮಾಡಿದ್ದೆ. ಬುಕಿಂಗ್ ನಂಬರ್ CR-40718826. ಒಂದೇ ನಿಮಿಷದಲ್ಲಿ ಡ್ರೈವರ್ ಒಪ್ಪಿಕೊಂಡರು, ನಾಲ್ಕು ನಿಮಿಷದಲ್ಲಿ ಬರುತ್ತಾರೆ ಎಂದು ಆ್ಯಪ್ ತೋರಿಸಿತು.

6:15ಕ್ಕೆ ಅವರ ಫೋನ್ ಬಂತು. "ಎಲ್ಲಿಗೆ ಮೇಡಂ? ಕ್ಯಾಶಾ, ಆನ್‌ಲೈನಾ?" ಆನ್‌ಲೈನ್ ಎಂದೆ. "ಸರಿ" ಎಂದು ಇಟ್ಟರು. ಆಮೇಲೆ ಮ್ಯಾಪಿನಲ್ಲಿ ಅವರ ಕಾರು ನನ್ನ ಮನೆಯಿಂದ 1.4 ಕಿಲೋಮೀಟರ್ ದೂರದ ಪೆಟ್ರೋಲ್ ಬಂಕಿನ ಹತ್ತಿರ ನಿಂತದ್ದು ನಿಂತೇ ಇತ್ತು. "4 ನಿಮಿಷ" ಅನ್ನುವುದು ಹತ್ತು ನಿಮಿಷವಾದರೂ "4 ನಿಮಿಷ"ವೇ. ಸೂಟ್‌ಕೇಸ್ ಹಿಡಿದು ಗೇಟಿನ ಹತ್ತಿರ ನಿಂತವಳಿಗೆ ರೈಲಿನ ಚಿಂತೆ. 6:22ಕ್ಕೆ ನಾನೇ ಫೋನ್ ಮಾಡಿದೆ. "ನೀವೇ ಕ್ಯಾನ್ಸಲ್ ಮಾಡ್ಕೊಳ್ಳಿ ಮೇಡಂ, ನಾನು ಮಾಡಿದ್ರೆ ನನಗೆ ಕಟ್ ಆಗುತ್ತೆ" ಎಂದರು.

ಬೇರೆ ದಾರಿಯಿಲ್ಲದೆ 6:26ಕ್ಕೆ ಕ್ಯಾನ್ಸಲ್ ಮಾಡಿದೆ. ಕಾರಣ ಕೇಳಿದಲ್ಲಿ "ಡ್ರೈವರ್ ಬರಲು ಒಪ್ಪಲಿಲ್ಲ" ಎಂಬುದನ್ನೇ ಒತ್ತಿದ್ದೇನೆ. ತಕ್ಷಣ ಬೇರೆ ಕ್ಯಾಬ್ ಬುಕ್ ಮಾಡಿದೆ (CR-40718951). ತೋರಿಸಿದ ಬಾಡಿಗೆ 212 ರೂಪಾಯಿ, ಇಳಿಯುವಾಗ ಬಿಲ್ಲು 287. ಹೆಚ್ಚಾದ 75 ರೂಪಾಯಿ ಹಿಂದಿನ ಬುಕಿಂಗಿನ ಕ್ಯಾನ್ಸಲೇಷನ್ ಶುಲ್ಕವಂತೆ. ರೈಲಿಗೆ ಓಡುವ ಗಡಿಬಿಡಿಯಲ್ಲಿ ಕಟ್ಟಿಬಿಟ್ಟೆ. ಎರಡನೇ ಡ್ರೈವರದ್ದು ಇದರಲ್ಲಿ ಏನೂ ತಪ್ಪಿಲ್ಲ, ಪಾಪ, ಅವರೇ ಬಿಲ್ಲು ನೋಡಿ ಗಾಬರಿಯಾದರು.

ಅಂದು ರಾತ್ರಿಯೇ ಆ್ಯಪಿನಲ್ಲಿ ದೂರು ಕೊಟ್ಟೆ. "ಡ್ರೈವರ್ ಪಿಕಪ್ ಕಡೆಗೆ ಹೊರಟ ಮೇಲೆ ಕ್ಯಾನ್ಸಲ್ ಮಾಡಿದ್ದೀರಿ, ಶುಲ್ಕ ಸರಿಯಾಗಿದೆ" ಎಂದು ಉತ್ತರ ಬಂತು, ದೂರು ಅಲ್ಲಿಗೇ ಕ್ಲೋಸ್. ಹೊರಟದ್ದು ನಿಜ, ನಾನು ಅಲ್ಲಗಳೆಯುವುದಿಲ್ಲ. ಬಂಕಿನವರೆಗೆ ಬಂದಿದ್ದರು. ಆದರೆ ಫೋನಿನಲ್ಲಿ ಆನ್‌ಲೈನ್ ಪೇಮೆಂಟ್ ಎಂದು ಕೇಳಿದ ಮೇಲೆ ಒಂದಡಿಯೂ ಮುಂದೆ ಬರಲಿಲ್ಲ. 6:15ರಿಂದ 6:26ರವರೆಗೆ ಕಾರು ಎಲ್ಲಿತ್ತು ಎಂಬ ಜಿಪಿಎಸ್ ದಾಖಲೆ ನಿಮ್ಮ ಬಳಿಯೇ ಇದೆ. ಎರಡೂ ಕರೆಗಳು ನಿಮ್ಮ ಆ್ಯಪಿನ ಮೂಲಕವೇ ಆದವು, ಸಮಯ ಅಲ್ಲೂ ಸಿಗುತ್ತದೆ. ದಯವಿಟ್ಟು ಯಾರಾದರೂ ಕಣ್ಣಾರೆ ತೆಗೆದು ನೋಡಿ.

6:18 ಮತ್ತು 6:25ರ ಮ್ಯಾಪಿನ ಸ್ಕ್ರೀನ್‌ಶಾಟ್, ಎರಡನೇ ಪ್ರಯಾಣದ ಬಿಲ್ಲು, ನಿಮ್ಮ ಉತ್ತರ ಎಲ್ಲವನ್ನೂ ಲಗತ್ತಿಸಿದ್ದೇನೆ.

75 ರೂಪಾಯಿಯನ್ನು ನಾನು ಹಣ ಕಟ್ಟಿದ ಖಾತೆಗೇ ಹಾಕಿ. ಮುಂದಿನ ಪ್ರಯಾಣಕ್ಕೆ ಕೂಪನ್ ಬೇಡ. ನನ್ನ ಲೆಕ್ಕದಲ್ಲಿ ದಾಖಲಾದ ಕ್ಯಾನ್ಸಲೇಷನ್ನನ್ನೂ ತೆಗೆಯಿರಿ. ಕೊಡುವುದಿಲ್ಲ ಎಂದಾದರೆ, ಆ ಹನ್ನೊಂದು ನಿಮಿಷದಲ್ಲಿ ಕಾರು ನನ್ನ ಕಡೆಗೆ ಎಷ್ಟು ದೂರ ಬಂತು ಎಂಬುದನ್ನು ಬರೆದು ತಿಳಿಸಿ, ಮತ್ತು ಈ ದೂರನ್ನು ನಿಮ್ಮ ಮೇಲಧಿಕಾರಿಗಳಿಗೆ ಕಳಿಸಿ.

ಇಂತಿ,
ಮೇಲಿನ ಎರಡೂ ಬುಕಿಂಗ್ ಮಾಡಿದ ಗ್ರಾಹಕಿ